ಮನೆಗೆ ಎಂಬತ್ತು ಇಟ್ಟಿಗೆ

ಕೋನಪ್ಪ ಮೇಸ್ತ್ರಿ ಲೆಕ್ಕ ಹೇಳುತ್ತಿರಲಿಲ್ಲ, ತೋರಿಸುತ್ತಿದ್ದ. ದಿಬ್ಬೂರಹಳ್ಳಿಯ ಸುತ್ತ ಯಾರು ಮನೆ ಕಟ್ಟಿಸಲಿ, ಕೊಟ್ಟಿಗೆ ಕಟ್ಟಿಸಲಿ, "ಎಷ್ಟು ಇಟ್ಟಿಗೆ ಬೇಕಾಗುತ್ತೆ ಮೇಸ್ತ್ರಿ?" ಅಂತ ಕೇಳಿದರೆ ಅವನು ಬಾಯಿ ಬಿಡುತ್ತಿರಲಿಲ್ಲ. ಪಂಚೆ ಎತ್ತಿ ಕಟ್ಟಿ, ನೆಲ ಸಮ ಮಾಡಿ, ಇಟ್ಟಿಗೆಯ ಪಕ್ಕ ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಜೋಡಿಸಿ ಮೂರಡಿ ಉದ್ದ, ಮೂರಡಿ ಎತ್ತರದ ಒಂದು ತುಂಡು ಗೋಡೆಯನ್ನು ಯಜಮಾನನ ಕಣ್ಣೆದುರೇ ನಿಲ್ಲಿಸುತ್ತಿದ್ದ. "ಎಣಿಸ್ಕಳಿ ಸ್ವಾಮಿ. ನಾನು ಎಣಿಸಿದ್ರೆ ನಂಬಿಕೆ ಇರಲ್ಲ, ನೀವೇ ಎಣಿಸಿ" ಅನ್ನುತ್ತಿದ್ದ. ಯಜಮಾನ ಎಣಿಸುತ್ತಿದ್ದ. ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ಎಣಿಸಿದ ಮೇಲೆ ಯಾರಿಗೆ ತಾನೇ ಅನುಮಾನ ಬರುತ್ತೆ?

ಆ ಎಣಿಕೆಯಲ್ಲಿ ಒಂದು ಇಟ್ಟಿಗೆಯೂ ಸುಳ್ಳಲ್ಲ. ಸುಳ್ಳಿದ್ದದ್ದು ಇಟ್ಟಿಗೆಗಳ ನಡುವೆ. ಒಣ ಇಟ್ಟಿಗೆಯನ್ನು ಒತ್ತಾಗಿ ಜೋಡಿಸಿದರೆ ಮಧ್ಯೆ ಗಾರೆಗೆ ಜಾಗವೇ ಇಲ್ಲ. ಗೋಡೆ ಕಟ್ಟುವಾಗ ಇಟ್ಟಿಗೆ ಇಟ್ಟಿಗೆಗೂ ನಡುವೆ, ಸಾಲಿನ ಮೇಲೆ ಸಾಲಾಗಿ ಏರುವ ವರಸೆ ವರಸೆಗೂ ನಡುವೆ, ಅರ್ಧ ಅಂಗುಲ ಗಾರೆ ಕೂರುತ್ತೆ. ಅರ್ಧ ಅಂಗುಲ ಅಂದರೆ ಏನು ಮಹಾ ಅನ್ನಬೇಡಿ. ಮೂರು ಅಂಗುಲ ದಪ್ಪದ ಇಟ್ಟಿಗೆಯನ್ನು ಗಾರೆಯಿಲ್ಲದೆ ಹಾಗೇ ಪೇರಿಸಿದರೆ ಐದಡಿ ಎತ್ತರಕ್ಕೆ ಇಪ್ಪತ್ತು ವರಸೆ ಬೇಕು. ಗಾರೆ ಹಾಕಿ ಕಟ್ಟಿದರೆ ಹದಿನೇಳಕ್ಕೇ ಐದಡಿ ಮುಟ್ಟುತ್ತೆ. ಉದ್ದದಲ್ಲೂ ಅಷ್ಟಷ್ಟು ಉಳಿಯುತ್ತೆ. ಒಡೆದದ್ದು, ಮುರಿದದ್ದು ಕಳೆದರೂ ನೂರಕ್ಕೆ ಹದಿನೈದು ಇಟ್ಟಿಗೆ ಕೆಲಸ ಮುಗಿದ ಮೇಲೆ ಅಂಗಳದಲ್ಲಿ ನಿಂತೇ ಇರುತ್ತೆ.

ಮಿಕ್ಕ ಇಟ್ಟಿಗೆ ಮೇಸ್ತ್ರಿಯದು. ಇದನ್ನು ಕೋನಪ್ಪ ಮಾಡಿದ ಪದ್ಧತಿ ಅಂದುಕೊಂಡರೆ ತಪ್ಪಾಗುತ್ತೆ. ಅವನಿಗೆ ಗಾರೆ ಸವರುವ ಕರಣೆ ಹಿಡಿಯಲು ಕಲಿಸಿದ ಸೋದರಮಾವ, ಚಿಂತಾಮಣಿಯ ಕೊಂಡಪ್ಪ ಮೇಸ್ತ್ರಿಯ ಕಾಲದಿಂದಲೂ ನಡೆದು ಬಂದದ್ದು. ದರ್ಜಿಗೆ ತುಂಡು ಬಟ್ಟೆ ಉಳಿದ ಹಾಗೆ ಮೇಸ್ತ್ರಿಗೆ ಇಟ್ಟಿಗೆ. ಒಣ ಜೋಡಣೆಯ ವಿದ್ಯೆಯನ್ನೂ ಮಾವನೇ ಹೇಳಿಕೊಟ್ಟಿದ್ದ. "ಬಾಯಲ್ಲಿ ಲೆಕ್ಕ ಹೇಳಿದ್ರೆ ನೀನು ಸುಳ್ಳು ಹೇಳಿದ ಹಾಗಾಗುತ್ತೆ ಕಣೋ, ತೋರಿಸಿದ್ರೆ ಆಗಲ್ಲ" ಅಂದಿದ್ದ. ಆಗ ಕೋನಪ್ಪನಿಗೆ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಈಗ ಅದೇ ಮೀಸೆ ನರೆತಿದೆ. ಈ ನಡುವಿನ ಅಷ್ಟೂ ವರ್ಷ ಅವನು ತೋರಿಸುತ್ತಲೇ ಬಂದ, ಇಟ್ಟಿಗೆ ಮನೆಗೆ ಬರುತ್ತಲೇ ಇತ್ತು, ಅದನ್ನು ಕಳ್ಳತನ ಅಂತ ಅವನೂ ಕರೆಯಲಿಲ್ಲ, ಬೇರೆಯವರೂ ಕರೆಯಲಿಲ್ಲ.

ಹಾಗಂತ ಅವನು ಕೆಟ್ಟ ಕೆಲಸಗಾರನಲ್ಲ. ಅವನು ಕಟ್ಟಿದ ಗೋಡೆ ವಾಲಿದ್ದಿಲ್ಲ. ಇಟ್ಟಿಗೆಯನ್ನು ನೀರಲ್ಲಿ ನೆನೆಸದೆ ಇಡುತ್ತಿರಲಿಲ್ಲ, ಮೂಲೆಗೆ ದಾರದ ಗುಂಡು ಇಳಿಬಿಟ್ಟು ನೇರ ನೋಡದೆ ಮೇಲಿನ ವರಸೆಗೆ ಹೋಗುತ್ತಿರಲಿಲ್ಲ. ಹೆಂಡತಿ ಅಶ್ವತ್ಥಮ್ಮನೇ ಅವನಿಗೆ ಗಾರೆ ಕಲಸಿ ಕೊಡುವವಳು. ಬಾಗೇಪಲ್ಲಿ ಕಡೆಯ ಹೆಣ್ಣು, ಸಿಟ್ಟು ಬಂದರೆ ತೆಲುಗು. ಬಾಂಡಲಿ ಹೊತ್ತು ಹೊತ್ತು ನೆತ್ತಿಯ ಕೂದಲು ಸವೆಸಿಕೊಂಡವಳು. ಗಂಡನ ಕಸುಬಿನ ಒಳಗುಟ್ಟು ಅವಳಿಗೆ ಗೊತ್ತಿಲ್ಲದ್ದೇನೂ ಇರಲಿಲ್ಲ.

ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾದ ವರ್ಷ ಊರಿನ ಶಾಲೆಗೆ ಕಾಂಪೌಂಡು ಬೇಕೇ ಬೇಕು ಅಂತಾಯಿತು. ಶಾಲೆ ರಸ್ತೆಯ ಅಂಚಿಗೇ ಇತ್ತು. ಜಲ್ಲಿ ಕ್ರಷರಿನ ಲಾರಿಗಳು ಹಗಲೆಲ್ಲ ಓಡಾಡುತ್ತಿದ್ದವು. ಒಂದು ದಿನ ಆಟಕ್ಕೆ ಬಿಟ್ಟಾಗ ಮಕ್ಕಳ ಗುಂಪಿನ ಮಗ್ಗುಲಿಗೇ ಲಾರಿಯೊಂದು ಬಂದು ನಿಂತು, ಮೇಷ್ಟ್ರು ಪುಟ್ಟಸ್ವಾಮಯ್ಯನವರಿಗೆ ಎದೆ ಹಿಡಿದುಕೊಂಡ ಹಾಗಾಗಿತ್ತು. ಪಂಚಾಯಿತಿಯವರು ಕಲ್ಲಿನ ಪಾಯ ಹಾಕಿಸಿದರು, ಸಿಮೆಂಟು ಮರಳು ಕೊಡುತ್ತೇವೆ ಅಂದರು, ಇಟ್ಟಿಗೆಯ ಮಾತಿಗೆ ಮಾತ್ರ ಕೈಯೆತ್ತಿದರು. ಶಾಲೆ ಕಮಿಟಿಯ ಅಧ್ಯಕ್ಷ ಚೆನ್ನರಾಯಪ್ಪ ಬೇವಿನ ಮರದಡಿ ಊರು ಸೇರಿಸಿದ. ದುಡ್ಡು ಎತ್ತುವುದು ಬೇಡ, ದುಡ್ಡು ಅಂದರೆ ಜಗಳ, ಮನೆ ಮನೆಯಿಂದ ಇಟ್ಟಿಗೆಯೇ ಬರಲಿ, ಹೊಸದಾದರೂ ಸರಿ, ಹಳೆಯದಾದರೂ ಸರಿ, ಎಲ್ಲರೂ ಒಂದೇ ಸಮ, ಅಂತ ತೀರ್ಮಾನವಾಯಿತು. ಊರಲ್ಲಿ ಇದ್ದದ್ದು ನೂರಿಪ್ಪತ್ತು ಮನೆ.

"ಒಟ್ಟು ಎಷ್ಟು ಬೇಕಾಗುತ್ತೆ ಕೋನಪ್ಪ?" ಮೇಷ್ಟ್ರು ಕೇಳಿದರು.

ಕೋನಪ್ಪನ ಕೈ ಆಗಲೇ ಪಂಚೆಯ ಮೇಲಿತ್ತು. ಶಾಲೆಯ ಹಿಂದೆ ಬಿದ್ದಿದ್ದ ಇಟ್ಟಿಗೆ ತರಿಸಿದ. ರಸ್ತೆ ಬದಿ ಅಂದ ಮೇಲೆ ಒಂಬತ್ತು ಅಂಗುಲದ ದಪ್ಪ ಗೋಡೆಯೇ ಬೇಕು, ಒಂಟಿ ಇಟ್ಟಿಗೆಯ ಗೋಡೆ ಲಾರಿಯ ಗಾಳಿಗೇ ಅಲ್ಲಾಡುತ್ತೆ ಅಂದ. ಅದು ನಿಜವೇ. ಮೂರಡಿ ಉದ್ದಕ್ಕೆ ನಾಲ್ಕು ಇಟ್ಟಿಗೆ, ದಪ್ಪಕ್ಕೆ ಅಂಥವು ಎರಡು ಸಾಲು, ಒಂದು ವರಸೆಗೆ ಎಂಟು. ಹನ್ನೆರಡು ವರಸೆ ಪೇರಿಸಿದ, ಮೂರಡಿ ಎತ್ತರ ಬಂತು. ಮೇಷ್ಟ್ರು ಬಗ್ಗಿ ಎಣಿಸಿದರು. ತೊಂಬತ್ತಾರು. ನೂರೆಂಬತ್ತು ಅಡಿ ಉದ್ದ, ಐದಡಿ ಎತ್ತರದ ಗೋಡೆಯಲ್ಲಿ ಇಂಥ ತುಂಡು ನೂರು. ಮೇಷ್ಟ್ರು ಬಾಯಲ್ಲೇ ಗುಣಿಸಿ, "ಒಂಬತ್ತು ಸಾವಿರದ ಆರುನೂರು. ಮನೆಗೆ ಎಂಬತ್ತು. ನೋಡಿ, ಎಷ್ಟು ಸಲೀಸಾಗಿ ಹಂಚಿತು!" ಅಂತ ಖುಷಿಪಟ್ಟರು. ಗುಣಾಕಾರದಲ್ಲಿ ಅವರು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಜೋಡಿಸುವಾಗ ಕೋನಪ್ಪನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಕೈ ಅಭ್ಯಾಸದಿಂದ ತನ್ನ ಪಾಡಿಗೆ ತಾನು ಮಾಡಿತು. ಮೇಷ್ಟ್ರು "ಮನೆಗೆ ಎಂಬತ್ತು" ಅಂದಾಗಲೇ ಅವನಿಗೆ ಚುರುಕ್ಕೆಂದದ್ದು. ಸಂದು ಬಿಟ್ಟು ಸರಿಯಾಗಿ ಹಾಕಿದರೆ ಏಳು ಸಾವಿರದ ಎಂಟುನೂರು. ಒಡೆಯೋದಕ್ಕೆ ಅಂತ ನಾನೂರು ಸೇರಿಸಿದರೂ ಎಂಟು ಸಾವಿರದ ಇನ್ನೂರು. ಮನೆಗೆ ಅರವತ್ತೆಂಟು ಸಾಕು. ಇದು ಯಾವನೋ ಸಾಹುಕಾರನ ಮನೆಯಲ್ಲ, ಊರಿನ ಶಾಲೆ. ಬಾಯಿ ತೆರೆದು "ಸ್ವಲ್ಪ ತಡೀರಿ ಮೇಷ್ಟ್ರೇ" ಅಂದಿದ್ದರೆ ಆಗಿಹೋಗುತ್ತಿತ್ತು.

ಆದರೆ ಅಷ್ಟರಲ್ಲಿ ಅವನ ಕಣ್ಣ ಮುಂದೆ ಸೊಸೆ ಚೈತ್ರ ಬಂದಳು. ಮಗ ಕನಕರಾಜನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಚಿಂತಾಮಣಿ ಪೇಟೆಯಲ್ಲಿ ಬೆಳೆದ ಹುಡುಗಿ. ಊರಿಗೆಲ್ಲ ಮನೆ ಕಟ್ಟಿಕೊಟ್ಟ ಮೇಸ್ತ್ರಿಯ ಮನೆಯಲ್ಲಿ ಒಂದು ಬಚ್ಚಲುಮನೆ ಇಲ್ಲ. ಹಿತ್ತಲಲ್ಲಿ ನಾಲ್ಕು ಗೂಟಕ್ಕೆ ಹಳೇ ಸೀರೆ ಸುತ್ತಿದ್ದೇ ಬಚ್ಚಲು. ಅವಳು ಬಾಯಿಬಿಟ್ಟು ಕೇಳಿರಲಿಲ್ಲ. ಗಾಳಿ ಬಂದರೆ ಒಂದು ಕೈಯಲ್ಲಿ ಸೀರೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ನೀರು ಹಾಕಿಕೊಳ್ಳುತ್ತಾಳೆ ಅಂತ ಅಶ್ವತ್ಥಮ್ಮ ಹೇಳಿದ್ದಳು. ಸಾವಿರ ಚಿಲ್ಲರೆ ಇಟ್ಟಿಗೆ ಮಿಕ್ಕರೆ ಒಳ್ಳೆಯ ಬಚ್ಚಲೇ ಆಗುತ್ತೆ. ಕೂಲಿಯಲ್ಲಿ ಅರ್ಧ ಬಿಟ್ಟುಕೊಟ್ಟಿದ್ದೀನಿ, ಮನೆಗೆ ಹನ್ನೆರಡು ಇಟ್ಟಿಗೆ ಹೆಚ್ಚಾದರೆ ಯಾರ ಗಂಟು ಹೋಗುತ್ತೆ? ಹೀಗಂದುಕೊಂಡು ಕೋನಪ್ಪ ಸುಮ್ಮನಾದ.

ಇಟ್ಟಿಗೆ ಬರತೊಡಗಿತು. ಇದ್ದವರು ಇಟ್ಟಿಗೆ ಸುಡುವ ಗೂಡಿನಿಂದ ಟ್ರ್ಯಾಕ್ಟರಿನಲ್ಲಿ ತರಿಸಿದರು, ಕೆಲವರು ಗಾಡಿಯಲ್ಲಿ, ಕೆಲವರು ಸೈಕಲ್ಲಿನ ಹಿಂದೆ. ಓಬಳಮ್ಮ ತಲೆಯ ಮೇಲೆ ತಂದಳು. ಡೇರಿಗೆ ಹೋಗುವ ದಾರಿಯಲ್ಲಿ ಅವಳ ಮನೆ. ಗಂಡ ಮುನಿವೆಂಕಟಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ, ಹಾಗಾಗಿ ಶಾಲೆಯಿಂದ ಅವಳಿಗೆ ಆಗಬೇಕಾದದ್ದೂ ಏನಿರಲಿಲ್ಲ. ಅವಳನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ ಅಂತ ಚೆನ್ನರಾಯಪ್ಪ ಅಂದಿದ್ದಕ್ಕೆ, "ಯಾಕೆ, ನಮ್ದು ಮನೆ ಅಲ್ವಾ?" ಅಂತ ಜಗಳಕ್ಕೇ ಬಂದಿದ್ದಳು. ಮಂಕರಿಯಲ್ಲಿ ಏಳೆಂಟು ಇಟ್ಟಿಗೆ, ಸಿಂಬೆಯ ಮೇಲೆ ಮಂಕರಿ, ದಿನಕ್ಕೆ ಎರಡು ಸಲ. ಕೋನಪ್ಪನ ಕಾಲ ಬಳಿ ಇಳಿಸಿ, ಸೆರಗಲ್ಲಿ ಮುಖ ಒರೆಸಿಕೊಂಡು, "ಬರ್ಕೊಳ್ಳೋಕೆ ಹೇಳು ಮೇಷ್ಟ್ರಿಗೆ" ಅನ್ನುತ್ತಿದ್ದಳು.

ಅವಳು ಕೊನೆಯ ಮಂಕರಿ ಇಳಿಸಿ ಹೋದ ಮೇಲೆ ಕೋನಪ್ಪ ಆ ಇಟ್ಟಿಗೆಗಳನ್ನು ನೀರಿನ ತೊಟ್ಟಿಗೆ ಹಾಕಲು ಎತ್ತಿಕೊಂಡ. ಮುಂಚಿನವು ಪೇರಿಸಿಟ್ಟಿದ್ದ ಹಳೇ ಇಟ್ಟಿಗೆ, ಬರೀ ಧೂಳು. ಇವು ಹಾಗಿರಲಿಲ್ಲ. ಮೂರು ಕಡೆ ಮೆತ್ತಿದ್ದ ಮಣ್ಣಿನ ಗಾರೆ ಇನ್ನೂ ಬಿಟ್ಟಿರಲಿಲ್ಲ. ಉಳಿದ ಒಂದು ಮೈ ಹಸಿರು ಪಾಚಿ ಕಟ್ಟಿತ್ತು. ಪಾಚಿಯ ಮೇಲೆ ಅರಿಶಿನದ ಕಲೆ, ಸೀಗೆಪುಡಿಯ ಜಿಡ್ಡು. ಇಂಥ ಇಟ್ಟಿಗೆ ಎಲ್ಲಿಂದ ಬರುತ್ತೆ ಅಂತ ಯಾವ ಮೇಸ್ತ್ರಿಗೂ ಹೇಳಿಕೊಡಬೇಕಾಗಿಲ್ಲ. ಎಣಿಸಿದ, ಹನ್ನೆರಡಿದ್ದವು. ಉಳಿದ ಸಲ ಎಂಟಕ್ಕೆ ಮೇಲೆ ಹೊರದವಳು ಇದನ್ನು ಒಂದೇ ಸಲಕ್ಕೆ ಹೊತ್ತು ತಂದಿದ್ದಳು, ಮನೆಯಿಂದ ಎರಡು ಸಲ ಹೊರಡುವುದನ್ನು ಯಾರೂ ನೋಡದಿರಲಿ ಅಂತಲೋ ಏನೋ.

ಸಂಜೆ ಹಾಲು ಹಾಕುವ ನೆಪ ಮಾಡಿ ಡೇರಿಯ ದಾರಿ ಹಿಡಿದ. ಓಬಳಮ್ಮನ ಬಚ್ಚಲು ದಾರಿಯ ಬದಿಗೇ ಇತ್ತು. ಸೂರಿಲ್ಲದ, ಎದೆಮಟ್ಟದ ಒಂಟಿ ಇಟ್ಟಿಗೆಯ ಗೋಡೆ. ದಾರಿಯ ಕಡೆಯ ಗೋಡೆಯಲ್ಲಿ ಮೇಲಿನ ಮೂರು ವರಸೆ ಇರಲಿಲ್ಲ. ಆ ಜಾಗಕ್ಕೆ ಒಂದು ಗೋಣಿಚೀಲ ಇಳಿಬಿಟ್ಟಿದ್ದಳು. ಅದು ಕುಳ್ಳಗಾಗಿ ಕೆಳಗೂ ಮುಚ್ಚದೆ ಮೇಲೂ ಮುಚ್ಚದೆ ನೇತಾಡುತ್ತಿತ್ತು.

"ಇದೇನಕ್ಕ, ಬಚ್ಚಲು ಗೋಡೆ ಕಿತ್ತುಬಿಟ್ಟಿದ್ದೀಯ?" ಅಂದ.

ಓಬಳಮ್ಮ ನಕ್ಕಳು. "ಇನ್ನೇನಪ್ಪ ಮಾಡ್ಲಿ? ನಮ್ಮನೆಯವ್ರು ಪೇರಿಸಿಟ್ಟಿದ್ದು ಸರಿಯಾಗಿ ಅರವತ್ತೆಂಟೇ ಇದ್ವು. ನೀವು ಎಂಬತ್ತು ಅಂದ್ರಿ. ಮುನಿವೆಂಕಟಪ್ಪನ ಮನೆಯಿಂದ ಕಡಿಮೆ ಬಂತು ಅಂತ ಅನ್ನಿಸ್ಕೊಳ್ಳೋಕಾಗುತ್ತಾ? ನನ್ನಂಥ ಮುದುಕೀನ ಯಾರು ನೋಡ್ತಾರೆ ಬಿಡು. ಕೋಳಿ ಕೂಗೋ ಹೊತ್ತಿಗೆ ಸ್ನಾನ ಮುಗಿಸ್ಕೊಂಡುಬಿಡ್ತೀನಿ."

ಅರವತ್ತೆಂಟು. ಅವನು ಮರದಡಿ ಮನಸ್ಸಲ್ಲೇ ಹಾಕಿ ಮನಸ್ಸಲ್ಲೇ ಮುಚ್ಚಿಟ್ಟ ಲೆಕ್ಕ ಅವಳ ಬಾಯಿಂದ ಬಂತು. ಆ ದೇವರು ಯಾರನ್ನೂ ಬಿಡುವುದಿಲ್ಲ ಅನ್ನಿಸಿ ಕೋನಪ್ಪನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಾಲಿನ ಕ್ಯಾನನ್ನು ಡೇರಿಗೆ ಒಯ್ಯುವುದನ್ನೂ ಮರೆತು ಮನೆಗೆ ಬಂದ, ಅಶ್ವತ್ಥಮ್ಮನ ಕೈಲಿ ಬೈಸಿಕೊಂಡ.

ಮರುದಿನ ಗೋಡೆಗೆ ಕೈ ಹಚ್ಚಿದಾಗ ಅವನಿಗೊಂದು ಉಪಾಯ ಹೊಳೆಯಿತು. ಸುಳ್ಳು ಲೆಕ್ಕವನ್ನೇ ನಿಜ ಮಾಡಿಬಿಟ್ಟರೆ? ಸಂದನ್ನು ಕಿರಿದು ಮಾಡಿ, ಗಾರೆ ಸವರಿದ ಹಾಗೆ ಸವರಿ ಇಟ್ಟಿಗೆಯನ್ನು ಒತ್ತೊತ್ತಾಗಿ ಕೂರಿಸಿದರೆ ಹೆಚ್ಚು ಇಟ್ಟಿಗೆ ಹಿಡಿಯುತ್ತೆ. ಆಗ ಮಿಗುವುದಿಲ್ಲ. ಮಿಗದಿದ್ದರೆ ಓಬಳಕ್ಕನ ಹನ್ನೆರಡು ಇಟ್ಟಿಗೆಯೂ ಬೇಕಾಗಿತ್ತು ಅಂತಾಗುತ್ತೆ. ಅಶ್ವತ್ಥಮ್ಮ ತಂದ ಗಾರೆಯಲ್ಲಿ ಅರ್ಧ ಹಾಗೇ ಮಿಕ್ಕಿತು.

"ಏಮಯ್ಯಾ ಇದಿ? ಗಾರೆ ಯಾಕೆ ಹಾಕ್ತಿಲ್ಲ?" ಅಂದಳು.

"ಸಿಮೆಂಟು ಉಳೀಲಿ ಅಂತ."

"ಸಿಮೆಂಟು ಪಂಚಾಯ್ತೀದು. ನಿಂಗೇನು ಬಂತು?"

ನಾಲ್ಕು ವರಸೆ ಏರುವಷ್ಟರಲ್ಲಿ ಅದರ ಹಣೆಬರಹ ಗೊತ್ತಾಯಿತು. ನಾಡ ಗೂಡಿನ ಇಟ್ಟಿಗೆ, ಒಂದು ಉಬ್ಬು, ಒಂದು ತಗ್ಗು, ಒಂದು ಸೊಟ್ಟ. ಆ ಏರುಪೇರನ್ನೆಲ್ಲ ನುಂಗುವುದಕ್ಕೇ ಅರ್ಧ ಅಂಗುಲ ಗಾರೆ ಇರುವುದು. ಕಾಲು ಅಂಗುಲದಲ್ಲಿ ಇಟ್ಟಿಗೆ ಸರಿಯಾಗಿ ಕೂರಲಿಲ್ಲ. ದಾರ ಹಿಡಿದರೆ ಸಾಲು ಹಾವಿನಂತೆ ಕಂಡಿತು, ಕೈಯಿಟ್ಟರೆ ಮೇಲಿನ ಇಟ್ಟಿಗೆ ಕಟಕಟ ಅಂದಿತು. ಅಷ್ಟಾಗಿಯೂ ಲೆಕ್ಕ ಮುಟ್ಟುತ್ತಿರಲಿಲ್ಲ. ಕಾಲು ಅಂಗುಲದ ಸಂದಿನಲ್ಲಿ ಕಟ್ಟಿದರೂ ಒಂಬತ್ತು ಸಾವಿರದ ಹತ್ತಿರಕ್ಕೂ ಹೋಗದು. ಈ ಗೋಡೆಯ ಮಗ್ಗುಲಲ್ಲಿ ಮಕ್ಕಳು ಆಡುತ್ತಾರೆ. ಕೋನಪ್ಪ ಕರಣೆ ಕೆಳಗಿಟ್ಟ. ಆಮೇಲೆ ನಾಲ್ಕು ವರಸೆಯನ್ನೂ ತಾನೇ ಕಿತ್ತು, ಇಟ್ಟಿಗೆಯ ಮೈ ಕೆರೆದು, ಮೊದಲಿಂದ ಕಟ್ಟತೊಡಗಿದ. ಈ ಸಲ ಅರ್ಧ ಅಂಗುಲ ಗಾರೆ ಹಾಕಿದ. ಅಶ್ವತ್ಥಮ್ಮ ಮತ್ತೆ ಗಾರೆ ಕಲಸತೊಡಗಿದಳು. ಅವಳಿಗೆ ಗಂಡನ ಮುಖ ಓದಲು ಬರುತ್ತಿತ್ತು.

ಗೋಡೆ ಚೆನ್ನಾಗಿಯೇ ಎದ್ದಿತು. ಹದಿನೇಳನೇ ವರಸೆಗೆ ಐದಡಿ ಮುಟ್ಟಿ ನಿಂತಿತು. ಬೇವಿನ ಮರದಡಿ ಇಟ್ಟಿಗೆ ಇನ್ನೂ ರಾಶಿ ಇತ್ತು, ಸಾವಿರದ ನಾನೂರಕ್ಕೆ ಮೇಲೆಯೇ. ಪೂಜೆಯ ದಿನ ತೆಂಗಿನಕಾಯಿ ಒಡೆದು, ಮಂಡಕ್ಕಿ ಹಂಚಿ, ಪುಟ್ಟಸ್ವಾಮಯ್ಯ ಮೇಷ್ಟ್ರು ಕೋನಪ್ಪನಿಗೆ ಶಾಲು ಹೊದಿಸಿದರು. "ಅರ್ಧ ಕೂಲಿಗೆ ದುಡಿದ ಮನುಷ್ಯ. ಮಿಕ್ಕಿರೋ ಇಟ್ಟಿಗೆ ಮೇಸ್ತ್ರಿಯದೇ ಅಲ್ವೇ, ಪದ್ಧತಿ ಹಾಗೇ ಇರೋದು. ತಗೊಂಡು ಹೋಗಪ್ಪ, ಸೊಸೆಗೆ ಒಂದು ಬಚ್ಚಲು ಕಟ್ಟಿಸ್ಕೊಡು" ಅಂದರು. ಬಚ್ಚಲಿನ ಮಾತು ಅವರಿಗೆ ಯಾರು ಹೇಳಿದ್ದರೋ! ಜನ ಚಪ್ಪಾಳೆ ಹೊಡೆದರು. ಹೆಂಗಸರ ಸಾಲಿನಲ್ಲಿ ಕೂತು ಓಬಳಮ್ಮನೂ ಹೊಡೆದಳು. ಕೋನಪ್ಪನಿಗೆ ಆ ಶಾಲು ಮೈಮೇಲೆ ಉರಿದಂತಾಯಿತು.

ಚೆನ್ನರಾಯಪ್ಪನ ಟ್ರ್ಯಾಕ್ಟರು ಅವತ್ತೇ ಇಟ್ಟಿಗೆ ತಂದು ಅವನ ಹಿತ್ತಲಲ್ಲಿ ಸುರಿಯಿತು. ಚೈತ್ರ ಕಡ್ಡಿ ತಗೊಂಡು ನೆಲದ ಮೇಲೆ ಗೆರೆ ಹಾಕಿ, "ಮಾವ, ಬಾಗ್ಲು ಈ ಕಡೆ ಬರ್ಲಿ. ಒಂದು ಗೂಡು ಇರ್ಲಿ, ಸೋಪು ಇಡೋಕೆ" ಅಂತ ತೋರಿಸಿದಳು. ಮದುವೆಯಾಗಿ ಬಂದ ಮೇಲೆ ಆ ಹುಡುಗಿ ಅವನ ಹತ್ತಿರ ಅಷ್ಟು ಸಲಿಗೆಯಿಂದ ಮಾತಾಡಿದ್ದು ಅದೇ ಮೊದಲು. ಆಗಲಿ ತಾಯಿ ಅಂದ. ನಾಳೆ ಅಂದ, ನಾಡಿದ್ದು ಅಂದ, ಸೊಂಟ ಹಿಡಿದಿದೆ ಅಂದ. ಬೆಳಗಿನ ಜಾವ ಎಚ್ಚರವಾದಾಗ, ಈಗ ಓಬಳಕ್ಕ ಚೀಲದ ಹಿಂದೆ ನಡುಗುತ್ತಾ ಕೂತಿರುತ್ತಾಳೆ ಅನ್ನುವುದೇ ನೆನಪು. ಚಳಿಗಾಲ ಬೇರೆ ಶುರುವಾಗುತ್ತಿತ್ತು.

ಕಡೆಗೆ ಒಂದು ಮಧ್ಯಾಹ್ನ ಓಬಳಮ್ಮನ ಮನೆಗೆ ಹೋದ. ಅವಳು ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಅಕ್ಕ, ಇಟ್ಟಿಗೆ ಮಿಕ್ಕಿದೆ. ನಿನ್ನ ಬಚ್ಚಲು ಗೋಡೆ ಹಾಕ್ಕೊಡ್ತೀನಿ."

"ಬೇಡಪ್ಪ. ಮಕ್ಕಳಿಗೆ ಅಂತ ಕೊಟ್ಟಿದ್ದನ್ನ ವಾಪಸ್ ತಗೊಳ್ಳೋದಾ? ಮಿಕ್ಕಿದ್ದು ಮೇಸ್ತ್ರೀದು. ನಿನ್ನ ಬೆವರು ಅದು."

"ಬೆವರಲ್ಲ ಅಕ್ಕ" ಅಂದ ಕೋನಪ್ಪ. ಅಲ್ಲೇ ನೆಲದ ಮೇಲೆ ಕುಕ್ಕರಿಸಿದ. ಬುಟ್ಟಿಯಿಂದ ನಾಲ್ಕು ಅವರೆಕಾಯಿ ತೆಗೆದು, ಒತ್ತಾಗಿ ಇಟ್ಟು ತೋರಿಸಿದ. ಆಮೇಲೆ ನಡುವೆ ಬೆರಳಿನಷ್ಟು ಸಂದು ಬಿಟ್ಟು ಇಟ್ಟ, ಅಷ್ಟೇ ಜಾಗಕ್ಕೆ ಮೂರೇ ಸಾಕಾದವು. ಒಂದು ಅವನ ಕೈಯಲ್ಲಿ ಉಳಿಯಿತು. "ಹಿಂಗೆ ಮಿಗೋದು. ಗೊತ್ತಿದ್ದೂ ಒಣ ಲೆಕ್ಕ ತೋರಿಸ್ದೆ. ಮನೆಗೆ ಅರವತ್ತೆಂಟು ಸಾಕಾಗಿತ್ತು ಅಕ್ಕ. ನೀನು ಗೋಡೆ ಕೀಳಬೇಕಾಗೇ ಇರ್ಲಿಲ್ಲ."

ಓಬಳಮ್ಮ ಆ ಮೂರು ಕಾಯಿಯನ್ನೇ ನೋಡುತ್ತಾ ಕೂತಳು. ಬೈಯುತ್ತಾಳೆ ಅಂತ ಕೋನಪ್ಪ ಕಾದ. ಬೈದಿದ್ದರೆ ಅವನಿಗೂ ಹಗುರಾಗುತ್ತಿತ್ತು.

"ಈ ಮನೆ ಕಟ್ಟಿದ್ದೂ ನೀನೇ ಅಲ್ವಾ?" ಅಂದಳು.

"ಹೂಂ."

"ಅವಾಗ್ಲೂ ಹಿಂಗೇ ತೋರಿಸ್ದ್ಯಾ?"

ಕೋನಪ್ಪ ತಲೆ ಎತ್ತಲಿಲ್ಲ. ಇಲ್ಲ ಅನ್ನಬಹುದಿತ್ತು. "ಹೂಂ ಅಕ್ಕ" ಅಂದ.

"ಅವತ್ತು ಮಿಕ್ಕಿದ್ದರಲ್ಲಿ ನಮ್ಮನೆಯವ್ರು ಒಂದು ನೂರು ಕೇಳಿದ್ರು, ಬಚ್ಚಲಿಗೆ ಅಂತ. ನೀನು ಕೊಡ್ಲಿಲ್ಲ. ಮೇಸ್ತ್ರಿ ಪಾಲು ಮುಟ್ಟಬಾರ್ದಂತೆ ಕಣೇ ಅಂತ ಮನೆಗೆ ಬಂದು ಹೇಳಿದ್ರು, ತಾವೇ ಏನೋ ತಪ್ಪು ಮಾಡಿದ ಹಾಗೆ. ಆಮೇಲೆ ಇಟ್ಟಿಗೆ ಗೂಡಿಗೆ ಕೂಲಿಗೆ ಹೋದ್ರು. ಕೂಲಿಗೆ ಬದಲು ಇಟ್ಟಿಗೆ ಕೊಡಿ ಅಂತ ಇಸ್ಕೊಂಡು ಬಂದು, ಮಣ್ಣು ತುಳಿದು, ಆ ಗೋಡೆ ತಾವೇ ಕಟ್ಟಿದ್ರು. ನಿನ್ನ ನೋಡಿ ಕಲ್ತಿದ್ದೀನಿ ಅಂದ್ರು. ಕೋನಪ್ಪ ಒಳ್ಳೆ ಮನುಷ್ಯ, ಎಲ್ಲಾ ಕಣ್ಣೆದುರೇ ಎಣಿಸಿ ತೋರಿಸ್ತಾನೆ ಅಂತ ಸಾಯೋವರ್ಗೂ ಅಂತಿದ್ರು." ಅವಳ ಧ್ವನಿ ಎಲ್ಲೂ ಏರಲಿಲ್ಲ. "ನಂಗೆ ಹೇಳ್ದೆ ಇದ್ದಿದ್ರೇ ಚೆನ್ನಾಗಿತ್ತು ಕಣಪ್ಪ."

ಕೋನಪ್ಪ ಆ ಮಾತು ನಿರೀಕ್ಷಿಸಿರಲಿಲ್ಲ. ಅವನಿಗೆ ಮುನಿವೆಂಕಟಪ್ಪ ನೂರು ಇಟ್ಟಿಗೆ ಕೇಳಿದ್ದು ನೆನಪೇ ಇರಲಿಲ್ಲ. ಎಷ್ಟೋ ಜನ ಕೇಳಿರುತ್ತಾರೆ, ಎಷ್ಟೋ ಜನರಿಗೆ ಹಾಗೇ ಅಂದಿರುತ್ತಾನೆ. ನೆನಪಿಲ್ಲ ಅನ್ನುವುದಕ್ಕೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ಗೋಡೆ ಹಾಕ್ಕೊಡ್ತೀನಿ ಅಕ್ಕ. ಅಷ್ಟಾದ್ರೂ ಮಾಡ್ತೀನಿ."

"ಶಾಲೆ ಇಟ್ಟಿಗೆ ನಂಗೆ ಬೇಡ. ಅದರದ್ದು ಏನು ಅಂತ ಊರಿಗೆ ನೀನೇ ಹೇಳು. ಈ ಮನೆ ಕಟ್ಟಿದಾಗ ಮಿಕ್ಕಿದ್ದ ನಮ್ಮನೆ ಇಟ್ಟಿಗೆ ನಿನ್ನ ಹತ್ರ ಇರ್ಬೇಕಲ್ಲ? ಅದರಲ್ಲಿ ಹನ್ನೆರಡು ತಗೊಂಡು ಬಾ" ಅಂದಳು. ಹೇಳಿ ಅವರೆಕಾಯಿ ಬಿಡಿಸುವುದಕ್ಕೆ ಶುರು ಮಾಡಿದಳು.

ಊರಿಗೆ ಹೇಳುವುದು ಓಬಳಮ್ಮನಿಗೆ ಹೇಳಿದಷ್ಟು ಕಷ್ಟವಾಗಲಿಲ್ಲ, ಆದರೆ ಆಮೇಲಿನದು ಕಷ್ಟವಾಯಿತು. ಮೇಷ್ಟ್ರು ಮೊದಲು ನಂಬಲಿಲ್ಲ. ಕಟ್ಟಿದ ಗೋಡೆಯ ಪಕ್ಕ ನಿಂತು ಮೂರಡಿ ಅಳೆದು ವರಸೆ ಎಣಿಸಿದರು. ಹತ್ತಕ್ಕೇ ಮೂರಡಿ ಮುಗಿದು ಹೋಯಿತು, ಹನ್ನೆರಡು ಬರಲಿಲ್ಲ. ಬಂದು ಕುರ್ಚಿಯಲ್ಲಿ ಕೂತರು. ಚೆನ್ನರಾಯಪ್ಪ ಮಾತ್ರ, "ಹಂಗಾದ್ರೆ ನಮ್ಮ ರೇಷ್ಮೆ ಹುಳು ಮನೆ ಕಟ್ಟಿದಾಗ?" ಅಂತ ಎದ್ದು ನಿಂತ. ಹಿಂದೆಯೇ ಇನ್ನೊಬ್ಬ ಕೊಟ್ಟಿಗೆ ಅಂದ, ಮತ್ತೊಬ್ಬ ತನ್ನ ತಮ್ಮನ ಮನೆ ಅಂದ. ಎಲ್ಲರೂ ತಮ್ಮ ತಮ್ಮ ಗೋಡೆಯನ್ನು ಮನಸ್ಸಲ್ಲೇ ಅಳೆಯತೊಡಗಿದರು. ಕೋನಪ್ಪ ಒಂದಕ್ಕೂ ಇಲ್ಲ ಅನ್ನಲಿಲ್ಲ. ಇಟ್ಟಿಗೆ ವಾಪಸು ಶಾಲೆಗೆ ಹೋಯಿತು. ಅದರಲ್ಲಿ ಬಿಸಿಯೂಟದ ಅಡುಗೆಮನೆಗೊಂದು ಕೋಣೆ ಅಂತ ಮಾತಾಯಿತು. ಅದನ್ನು ಕಟ್ಟಲು ಶಿಡ್ಲಘಟ್ಟದಿಂದ ಬೇರೆ ಮೇಸ್ತ್ರಿಯನ್ನು ಕರೆಸಿದರು.

ಹಿತ್ತಲಿಂದ ಇಟ್ಟಿಗೆ ತುಂಬಿಸುವಾಗ ಚೈತ್ರಳಿಗೆ ಹೇಗೆ ಮುಖ ತೋರಿಸುವುದು ಅಂತ ಅವನು ಬೀದಿಯ ಕಡೆಯೇ ನಿಂತಿದ್ದ. ಅವಳೇ ಬಂದಳು. "ಅತ್ತೆ ಹೇಳಿದ್ರು ಮಾವ" ಅಂದಳು. ನೆಲದ ಮೇಲಿನ ಗೆರೆಯನ್ನು ಕಾಲಲ್ಲಿ ಅಳಿಸಿ ಒಳಗೆ ಹೋದಳು. ಅಶ್ವತ್ಥಮ್ಮ ಎರಡು ದಿನ ಗಂಡನೊಂದಿಗೆ ತೆಲುಗಿನಲ್ಲೂ ಮಾತಾಡಲಿಲ್ಲ.

ಓಬಳಮ್ಮನ ಮನೆಯ ಇಟ್ಟಿಗೆ ಎಲ್ಲಿದೆ ಅಂತ ಕೋನಪ್ಪ ಹುಡುಕಬೇಕಾಗಿರಲಿಲ್ಲ. ಬಾಗಿಲ ಪಕ್ಕದ ಜಗಲಿ ಕಟ್ಟಿದ್ದು ಅವುಗಳಿಂದಲೇ. ದಿನಾ ಸಂಜೆ ಅದರ ಮೇಲೇ ಕೂತು ಅವನು ಬೀಡಿ ಸೇದುತ್ತಿದ್ದುದು. ಉಳಿ ಹಿಡಿದು ಒಂದು ಮೂಲೆಯಿಂದ ಬಿಡಿಸಿದ. ಹನ್ನೆರಡು ಇಟ್ಟಿಗೆ ಮುರಿಯದ ಹಾಗೆ ತೆಗೆಯುವುದಕ್ಕೆ ಮುಕ್ಕಾಲು ಜಗಲಿ ಬಿಚ್ಚಬೇಕಾಯಿತು. ಮೈ ಕೆರೆದು, ತೊಳೆದು, ಮಂಕರಿಗೆ ತುಂಬಿ, ಯಾರನ್ನೂ ಕರೆಯದೆ ತಾನೇ ತಲೆಯ ಮೇಲೆ ಹೊತ್ತ. ಡೇರಿ ದಾರಿಯುದ್ದಕ್ಕೂ ಜನ ನೋಡಿದರು. ಅವರು ನೋಡಲಿ ಅಂತಲೇ ಹಗಲಲ್ಲಿ ಹೊರಟಿದ್ದ.

ಓಬಳಮ್ಮ ಗೋಣಿಚೀಲ ಸರಿಸಿ ಪಕ್ಕಕ್ಕೆ ನಿಂತಳು. ಅವನು ಸಿಮೆಂಟು ತಂದಿರಲಿಲ್ಲ. ಹಳೇ ಗೋಡೆ ಮಣ್ಣಿನದು, ಅದರ ಮೇಲೆ ಮಣ್ಣೇ ಸರಿ. ಮಣ್ಣು ನೆನೆಸಿ ತುಳಿದ. ಕಟ್ಟುವ ಮೊದಲು ಬಗ್ಗಿ ಮುನಿವೆಂಕಟಪ್ಪ ಕಟ್ಟಿದ ಕೆಳಗಿನ ವರಸೆಗಳನ್ನು ನೋಡಿದ. ಇಷ್ಟು ವರ್ಷ ಆ ದಾರಿಯಲ್ಲಿ ಓಡಾಡಿದ್ದರೂ ನೋಡಿರಲಿಲ್ಲ. ಕರಣೆ ಹಿಡಿದು ಗೊತ್ತಿಲ್ಲದ ಮನುಷ್ಯ ಪ್ರತಿ ವರಸೆಗೂ ಅರ್ಧ ಅಂಗುಲ ಸಂದು ಬಿಟ್ಟಿದ್ದ. ಎಲ್ಲೂ ಹೆಚ್ಚಿಲ್ಲ, ಎಲ್ಲೂ ಕಡಿಮೆಯಿಲ್ಲ.

ಕೋನಪ್ಪ ಅದೇ ಸಂದು ಹಿಡಿದು ಕಟ್ಟಿದ. ಒಂದು ವರಸೆಗೆ ನಾಲ್ಕು, ಮೂರು ವರಸೆ. ಕೊನೆಯ ಇಟ್ಟಿಗೆ ಪಕ್ಕದ ಗೋಡೆಯ ಮಟ್ಟಕ್ಕೆ ಬಂದು ಕೂತಿತು. ಅವನ ಕೈ ತನ್ನ ಪಾಡಿಗೆ ತಾನು ಮಂಕರಿಯೊಳಗೆ ತಡಕಾಡಿತು. ಅದರಲ್ಲಿ ಏನೂ ಮಿಕ್ಕಿರಲಿಲ್ಲ.

ಓಬಳಮ್ಮ ಹೊಸ ವರಸೆಯ ಮೇಲೆ ಅಂಗೈ ಇಟ್ಟು ಒತ್ತಿ ನೋಡಿದಳು. ಚೆನ್ನಾಗಿದೆ ಅನ್ನಲಿಲ್ಲ, ಕೂತ್ಕೋ ಅನ್ನಲಿಲ್ಲ. ಚೀಲವನ್ನು ಕೊಡವಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

"ಹೋಗಪ್ಪ ಇನ್ನ" ಅಂದಳು. "ನೀರು ಕಾದಿದೆ. ಸ್ನಾನ ಮಾಡ್ಬೇಕು."

ಬಿಸಿಲು ನೆತ್ತಿಯ ಮೇಲಿತ್ತು. ಕೋನಪ್ಪ ಮಣ್ಣಿನ ಕೈಯನ್ನು ಪಂಚೆಗೆ ಒರೆಸಿಕೊಂಡು, ಹಿಂತಿರುಗಿ ನೋಡದೆ ಮನೆಯ ಕಡೆ ನಡೆದ.